ಮರಿಗಳು ಒಂದರ ಮೇಲೊಂದು ಗುಡ್ಡೆ ಹಾಕಿ ಮಲಗುತ್ತಿವೆ, ಜ್ವರ ಇಳಿಯುತ್ತಿಲ್ಲ. ಸ್ವೈನ್ ಫೀವರ್ ಇರಬಹುದಾ?

ಆಲೂರು ಹುಡುಗ
ಎಲ್ಲರಿಗೂ ನಮಸ್ಕಾರ. ನಮ್ಮದು ಹಾಸನ ಜಿಲ್ಲೆ, ಆಲೂರು ಕಡೆ ಸಣ್ಣ ಫಾರ್ಮ್. ಮೂರು ತಾಯಿ ಹಂದಿ, ಅವುಗಳದ್ದೇ ನಾಲ್ಕು ತಿಂಗಳಿನ ಹನ್ನೊಂದು ಮರಿ. ಇದರ ಜೊತೆ ಎರಡು ವಾರದ ಹಿಂದೆ ಏಜೆಂಟ್ ಒಬ್ಬರಿಂದ ಐದು ಮರಿ ತಂದೆ. ಪಕ್ಕದ ಅಂಕಣದಲ್ಲೇ ಬಿಟ್ಟಿದ್ದೆ, ನಡುವೆ ಬರೀ ಕಬ್ಬಿಣದ ಸರಳು.

ಈಗ ನಮ್ಮ ಹನ್ನೊಂದರಲ್ಲಿ ನಾಲ್ಕು ಮೇವು ಬಿಟ್ಟಿವೆ. ಮಧ್ಯಾಹ್ನದ ಬಿಸಿಲಲ್ಲೂ ಒಂದರ ಮೇಲೊಂದು ಬಿದ್ದು ಮಲಗುತ್ತವೆ. ಎಬ್ಬಿಸಿದರೆ ಏಳುತ್ತವೆ, ತೊಟ್ಟಿ ಹತ್ತಿರ ಬಂದು ಮೂಸಿ ವಾಪಸ್ ಹೋಗುತ್ತವೆ. ಕಣ್ಣಲ್ಲಿ ಪಿಸುರು. ಮೊದಲು ಸಗಣಿ ಆಡಿನ ಹಿಕ್ಕೆ ಥರ ಗಟ್ಟಿ ಇತ್ತು, ಇವತ್ತಿಂದ ಒಂದಕ್ಕೆ ಹಳದಿ ಭೇದಿ. ಮೆಡಿಕಲ್‌ನವರು ಕೊಟ್ಟ ಆಂಟಿಬಯೋಟಿಕ್ ಮೂರು ದಿನ ಹಾಕಿದೆ, ಏನೂ ಬದಲಾಗಲಿಲ್ಲ. ತಂದ ಮರಿಗಳಿಗೆ ಲಸಿಕೆ ಆಗಿದೆ ಅಂತ ಏಜೆಂಟ್ ಹೇಳಿದ್ದರು. ನಮ್ಮ ಹನ್ನೊಂದಕ್ಕೆ ಆಗಿಲ್ಲ. ಕ್ಯಾಂಪ್ ದಿನ ಊರಲ್ಲಿರಲಿಲ್ಲ, ಆಮೇಲೆ ಹಾಗೇ ಉಳಿದುಹೋಯಿತು.

ಏನಿರಬಹುದು?

ಕುಶಾಲನಗರ ಪಂದಿ
ಕಿವಿ ನೋಡಿ ಅಣ್ಣ. ಕಿವಿ ತುದಿ, ಹೊಟ್ಟೆ ಕೆಳಗೆ ನೇರಳೆ ಬಣ್ಣಕ್ಕೆ ತಿರುಗಿದ್ದರೆ ಅದು ಸ್ವೈನ್ ಫೀವರ್ರೇ. ಬಣ್ಣ ಇಲ್ಲದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಹವಾಮಾನಕ್ಕೆ ಹೀಗಾಗುತ್ತದೆ. ಯಾವುದಕ್ಕೂ ಇವತ್ತೇ ಎಲ್ಲಕ್ಕೂ ಲಸಿಕೆ ಹಾಕಿಸಿಬಿಡಿ. ನಾವು ಹಾಗೇ ಮಾಡಿ ಉಳಿಸಿಕೊಂಡಿದ್ದೆವು.

ನಿವೃತ್ತ ಪಶುವೈದ್ಯ
ಕಿವಿಯ ಬಣ್ಣಕ್ಕೆ ಕಾಯುತ್ತಾ ಕೂರಬೇಡಿ. ಅದು ಬರುವುದು ತಡವಾಗಿ, ಕೆಲವಕ್ಕೆ ಬರುವುದೇ ಇಲ್ಲ. ಬಂದರೂ ಅದೊಂದರಿಂದಲೇ ಹೇಳುವ ಹಾಗಿಲ್ಲ. ಆಫ್ರಿಕನ್ ಸ್ವೈನ್ ಫೀವರ್‌ನಲ್ಲೂ ಕಿವಿ ನೇರಳೆ ಆಗುತ್ತದೆ, ಸಾಲ್ಮೊನೆಲ್ಲಾ ರಕ್ತಕ್ಕೆ ಸೇರಿದರೂ ಆಗುತ್ತದೆ.

ಆಲೂರಿನವರೇ, ನಾನು ಮೊದಲು ಕೇಳುವುದು ಥರ್ಮಾಮೀಟರ್ ಹಾಕಿದಿರಾ ಅಂತ. ಹಂದಿಯ ಮಾಮೂಲಿ ಮೈಬಿಸಿ 102, 103 ಫ್ಯಾರನ್‌ಹೀಟ್ ಆಸುಪಾಸು. ಮಲಗಿರುವ ನಾಲ್ಕಕ್ಕೆ ಮಾತ್ರ ಅಲ್ಲ, ಚೆನ್ನಾಗಿ ತಿನ್ನುತ್ತಿರುವ ಏಳಕ್ಕೂ ನೋಡಿ. ಅದರಲ್ಲೂ ಎರಡು ಮೂರಕ್ಕೆ 105, 106 ಇದ್ದರೆ ಇದು ಹೊಟ್ಟೆ ಕೆಟ್ಟಿದ್ದಲ್ಲ, ಗುಂಪಿನೊಳಗೆ ಓಡಾಡುತ್ತಿರುವ ಸೋಂಕು. ಈ ಕಾಯಿಲೆಯಲ್ಲಿ ಜ್ವರ ಮೊದಲು ಬರುತ್ತದೆ. ಬಾಕಿ ಎಲ್ಲಾ ಆಮೇಲೆ.

ಬಿಸಿಲಲ್ಲೂ ಗುಡ್ಡೆ ಹಾಕಿ ಮಲಗುವುದು, ಮೊದಲು ಗಟ್ಟಿ ಸಗಣಿ, ಆಮೇಲೆ ಭೇದಿ, ಕಣ್ಣಿನ ಪಿಸುರು, ಆಂಟಿಬಯೋಟಿಕ್‌ಗೆ ಜಗ್ಗದ ಜ್ವರ. ಇವೆಲ್ಲ ಒಟ್ಟಿಗೆ ಬಂದಿವೆ. ನನಗೆ ಅನುಮಾನ ಬಲವಾಗಿಯೇ ಇದೆ. ನಡೆಸಿ ನೋಡಿ. ಹಿಂಗಾಲು ತೂರಾಡುತ್ತಿದೆಯಾ?

ಇನ್ನೊಂದು ಮಾತು. ಹೊಸದಾಗಿ ತಂದ ಐದು ಹೇಗಿವೆ? ಅವುಗಳ ಬಗ್ಗೆ ನೀವು ಬರೆದೇ ಇಲ್ಲ.

ಆಲೂರು ಹುಡುಗ
ಈಗ ನೋಡಿದೆ ಸರ್. ನಾಲ್ಕಕ್ಕೂ 106ರ ಹತ್ತಿರ. ತಿನ್ನುತ್ತಿದ್ದ ಏಳರಲ್ಲಿ ಮೂರಕ್ಕೆ 105ರ ಮೇಲಿದೆ! ಅವು ನೋಡಲು ಆರಾಮಾಗಿಯೇ ಇವೆ. ಒಂದರ ಹಿಂಗಾಲು ಕುಡಿದವರ ಥರ ಆಡುತ್ತಿದೆ.

ತಂದ ಐದೂ ಚೆನ್ನಾಗಿವೆ. ಒಂದು ಮಾತ್ರ ಬಂದಾಗಿನಿಂದಲೇ ಸಣಕಲು, ಕೂದಲು ಒರಟು, ಉಳಿದ ನಾಲ್ಕರ ಅರ್ಧ ಇದೆ. ಆದರೆ ಜ್ವರ ಇಲ್ಲ, ತಿನ್ನುತ್ತದೆ. ಅದಕ್ಕೇ ಆ ಮರಿಗಳ ಮೇಲೆ ನನಗೆ ಅನುಮಾನ ಬರಲಿಲ್ಲ.

ಸುಮ್ನೆ ಓದುಗ
ಇದು ಮನುಷ್ಯರಿಗೆ ಬರುವ ಹಂದಿ ಜ್ವರ ತಾನೇ? ಎಚ್1ಎನ್1? ಮನೆಯಲ್ಲಿ ಮಕ್ಕಳಿದ್ದರೆ ಮೊದಲು ಅವರನ್ನು ಬೇರೆ ಕಡೆ ಕಳಿಸಿ.

ನಿವೃತ್ತ ಪಶುವೈದ್ಯ
ಅಲ್ಲ, ಅದು ಇನ್ಫ್ಲುಯೆಂಜಾ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಈ ವೈರಸ್ ಹಂದಿ, ಕಾಡುಹಂದಿ ಬಿಟ್ಟು ಬೇರೆ ಯಾರಿಗೂ ಬರುವುದಿಲ್ಲ. ಮಕ್ಕಳಿಗೆ ಏನೂ ಆಗುವುದಿಲ್ಲ. ಆದರೆ ಮಕ್ಕಳ ಚಪ್ಪಲಿಗೆ ಅಂಟಿ ಪಕ್ಕದ ಫಾರ್ಮ್‌ಗೆ ಹೋಗಬಹುದು, ಆ ಲೆಕ್ಕದಲ್ಲಿ ದೂರ ಇಡುವುದು ಸರಿಯೇ.

ಆಲೂರಿನವರೇ, ಇವತ್ತೇ ಪಶು ಆಸ್ಪತ್ರೆಗೆ ಹೇಳಿ. ಕ್ಲಾಸಿಕಲ್ ಸ್ವೈನ್ ಫೀವರ್ 2009ರ ಕೇಂದ್ರ ಕಾಯ್ದೆಯ ಪಟ್ಟಿಯಲ್ಲಿದೆ, ತಿಳಿಸುವುದು ಸಾಕುವವರ ಜವಾಬ್ದಾರಿ. ರಿಪೋರ್ಟ್ ಬರುವ ತನಕ ಒಂದು ಹಂದಿಯೂ ಗೇಟು ದಾಟಬಾರದು. ಯಾವುದಾದರೂ ಸತ್ತರೆ ನೀವೇ ಕೊಯ್ದು ನೋಡಬೇಡಿ, ರಕ್ತ ನೆಲಕ್ಕೆ ಬಿದ್ದರೆ ಅಂಗಳವೆಲ್ಲ ಸೋಂಕು. ಡಾಕ್ಟರು ಬಂದು ಜ್ವರ ಇರುವ ಹಂದಿಗಳ ರಕ್ತವನ್ನು ನೇರಳೆ ಮುಚ್ಚಳದ ಟ್ಯೂಬಿನಲ್ಲಿ ತೆಗೆಯುತ್ತಾರೆ. ಸತ್ತಿದ್ದರೆ ಗುಲ್ಮ, ಟಾನ್ಸಿಲ್, ಮೂತ್ರಪಿಂಡದ ಚೂರನ್ನು ಐಸ್‌ನಲ್ಲಿಟ್ಟು ಲ್ಯಾಬ್‌ಗೆ ಕಳಿಸುತ್ತಾರೆ. ಆಫ್ರಿಕನ್ ಸ್ವೈನ್ ಫೀವರ್ ಪರೀಕ್ಷೆಯನ್ನೂ ಜೊತೆಗೇ ಮಾಡಿಸಿ ಅಂತ ನೀವೇ ಬಾಯಿಬಿಟ್ಟು ಕೇಳಿ. ಕಣ್ಣಲ್ಲಿ ನೋಡಿ ಎರಡನ್ನೂ ಬೇರೆ ಮಾಡಲು ನನಗೂ ಆಗುವುದಿಲ್ಲ.

ಆ ಸಣಕಲು ಮರಿಯ ರಕ್ತವನ್ನೂ ಕೊಡಿ. ಮರೆಯಬೇಡಿ.

ಕುಶಾಲನಗರ ಪಂದಿ
ಡಾಕ್ಟ್ರೇ, ನಾನು ಲಸಿಕೆ ಹಾಕಿಸಿ ಅಂದದ್ದಕ್ಕೆ ನೀವು ಏನೂ ಹೇಳಲಿಲ್ಲ. ಕಾಯಿಲೆ ಬಂದ ಮೇಲೂ ಹಾಕಬಹುದು ಅಂತ ನಮಗೆ ಹೇಳಿದ್ದು ಡಾಕ್ಟರೇ.

ನಿವೃತ್ತ ಪಶುವೈದ್ಯ
ನೀವು ಹೇಳಿದ್ದು ಅರ್ಧ ಸರಿ. ಈ ಲಸಿಕೆಯಲ್ಲಿರುವುದು ಬಲ ಕುಂದಿಸಿದ ಜೀವಂತ ವೈರಸ್. ಆರೋಗ್ಯವಾಗಿರುವ ಹಂದಿಗೆ ಹಾಕಿದರೆ ಒಂದು ವಾರದೊಳಗೆ ರಕ್ಷಣೆ ಶುರುವಾಗುತ್ತದೆ. ಅದಕ್ಕೇ ರೋಗ ಬಂದ ಫಾರ್ಮ್‌ನ ಸುತ್ತಲಿನ ಹಂದಿಗಳಿಗೆ ಹಾಕುತ್ತಾರೆ. ನಿಮ್ಮದು ಉಳಿದದ್ದು ಬಹುಶಃ ಹಾಗೆ. ಆದರೆ ಸೋಂಕು ಒಳಗೆ ಸೇರಿ ಜ್ವರ ಬಂದಿರುವ ಹಂದಿಗೆ ಲಸಿಕೆಯಿಂದ ಏನೂ ಉಪಯೋಗವಿಲ್ಲ. ಔಷಧಿಯೂ ಇಲ್ಲ.

ಇದಕ್ಕಿಂತ ದೊಡ್ಡ ಅಪಾಯ ಸೂಜಿಯದು. ಹದಿನಾರು ಮರಿಗೆ ಒಂದೇ ಸೂಜಿ ಹಾಕಿದರೆ ಜ್ವರ ಇರುವುದರ ರಕ್ತ ಇಲ್ಲದಿರುವುದಕ್ಕೆ ಹೋಗುತ್ತದೆ. ಹಾಕುವುದೇ ಆದರೆ ಮೊದಲು ಪ್ರತಿಯೊಂದಕ್ಕೂ ಥರ್ಮಾಮೀಟರ್. ಜ್ವರ ಇಲ್ಲದವಕ್ಕೆ ಮಾತ್ರ ಲಸಿಕೆ, ಒಂದೊಂದಕ್ಕೂ ಹೊಸ ಸೂಜಿ. ಇದು ಆಫ್ರಿಕನ್ ಆಗಿದ್ದರೆ ಈ ಲಸಿಕೆ ಹಾಕಿಯೂ ಪ್ರಯೋಜನವಿಲ್ಲ. ಅದಕ್ಕೇ ರಿಪೋರ್ಟ್ ಮೊದಲು ಬರಲಿ ಅನ್ನುತ್ತೇನೆ.

ಕಾರ್ಕಳ ಅಕ್ಕ
ಸಣಕಲು ಮರಿ ಅಂದ ಕೂಡಲೇ ನಮ್ಮ ಮನೆಯದ್ದು ನೆನಪಾಯಿತು. ಎರಡು ವರ್ಷದ ಹಿಂದೆ ನಮ್ಮ ಹೆಣ್ಣು ಹಂದಿ ಬೆದೆಗೆ ಬಂದಾಗ ಬೇರೆ ಊರಿನ ಗಂಡು ಹಂದಿಗೆ ಕೊಡಿಸಿಕೊಂಡು ಬಂದೆವು. ಗಬ್ಬ ನಿಂತಿತು, ಎಲ್ಲ ಸರಿ ಇತ್ತು. ನಡುವೆ ಒಮ್ಮೆ ಎರಡು ದಿನ ಮೇವು ಬಿಟ್ಟಿತ್ತು ಅಷ್ಟೇ. ಮರಿ ಹಾಕಿದಾಗ ಮೂರು ಒಣಗಿ ಕಪ್ಪಾಗಿದ್ದವು, ಎರಡು ಸತ್ತೇ ಹುಟ್ಟಿದವು. ಉಳಿದ ನಾಲ್ಕರಲ್ಲಿ ಎರಡಕ್ಕೆ ಹುಟ್ಟಿದಾಗಿನಿಂದ ನಡುಕ. ನಾಟಿ ಔಷಧಿ ಕೊಟ್ಟೆವು. ಹೇಗೋ ಬದುಕಿದವು ಅಂತ ಖುಷಿಪಟ್ಟು, ದೊಡ್ಡದಾಗದ ಒಂದನ್ನು ಕಡಿಮೆ ಬೆಲೆಗೆ ಮಾರಿದೆವು. ಅದರಲ್ಲೂ ಏನಾದರೂ ಇದ್ದಿತ್ತಾ ಡಾಕ್ಟ್ರೇ?

ನಿವೃತ್ತ ಪಶುವೈದ್ಯ
ಅಕ್ಕ, ಪರೀಕ್ಷೆ ಮಾಡಿಸದ ಕಾರಣ ಖಚಿತವಾಗಿ ಹೇಳಲಾರೆ. ಪಾರ್ವೊ ವೈರಸ್‌ನಲ್ಲೂ ಮರಿ ಒಣಗಿ ಹುಟ್ಟುತ್ತವೆ. ಆದರೆ ನಡುಕ ಸೇರಿಸಿ ನೋಡಿದರೆ ಸ್ವೈನ್ ಫೀವರ್‌ಗೂ ಸರಿಯಾಗಿಯೇ ಹೊಂದುತ್ತದೆ. ಗಂಡಿನ ವೀರ್ಯದಲ್ಲಿಯೂ ಈ ವೈರಸ್ ಹೋಗುತ್ತದೆ.

ಆಲೂರಿನವರಿಗೂ ಇದನ್ನು ವಿವರವಾಗಿ ಹೇಳಬೇಕು. ಹಂದಿಯ ಗಬ್ಬ ಹೆಚ್ಚುಕಡಿಮೆ 114 ದಿನ. ಅದರ ನಡುಭಾಗದಲ್ಲಿ, 50ರಿಂದ 70 ದಿನದ ಹೊತ್ತಿಗೆ ಸೋಂಕು ತಗುಲಿದರೆ ತಾಯಿಗೆ ಸಣ್ಣ ಜ್ವರ ಬಂದು ಹೋಗಬಹುದು. ಹೊಟ್ಟೆಯಲ್ಲಿರುವ ಮರಿಗೆ ಆಗ ರೋಗನಿರೋಧಕ ಶಕ್ತಿ ಇನ್ನೂ ತಯಾರಾಗಿರುವುದಿಲ್ಲ. ಹೀಗಾಗಿ ವೈರಸ್ಸನ್ನು ಆ ಮರಿಯ ಮೈ ತನ್ನದೇ ಅಂತ ತಿಳಿಯುತ್ತದೆ, ಅದರ ವಿರುದ್ಧ ಹೋರಾಡುವುದೇ ಇಲ್ಲ. ಮರಿ ಹುಟ್ಟುತ್ತದೆ, ತಿನ್ನುತ್ತದೆ, ಸ್ವಲ್ಪ ಕುಗ್ಗಿರುತ್ತದೆ. ಎಂಜಲು, ಮೂತ್ರ, ಸಗಣಿ ಎಲ್ಲದರಲ್ಲೂ ತಿಂಗಳುಗಟ್ಟಲೆ ವೈರಸ್ ಹರಿಸುತ್ತಾ ಓಡಾಡಿಕೊಂಡಿರುತ್ತದೆ. ಕೊನೆಗೆ ಸಾಯುತ್ತದೆ, ಆದರೆ ಅಷ್ಟರೊಳಗೆ ಎರಡು ಮೂರು ಕೈ ಬದಲಾಗಿರುತ್ತದೆ.

ಹಾಗಾಗಿ ತಂದ ಮರಿ ಚೆನ್ನಾಗಿದೆ, ನಮ್ಮದೇ ಮಲಗಿದೆ, ಅಂದರೆ ತಂದದ್ದರ ತಪ್ಪಿಲ್ಲ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಹೊಸಕೋಟೆ ಫಾರ್ಮ್
ಎಲ್ಲಾ ಸರಿ, ಆದರೆ ಕೊನೆಗೆ ನೀವೆಲ್ಲ ಹೋಟೆಲ್ ಮುಸುರೆ ಮೇಲೆ ಗೂಬೆ ಕೂರಿಸುತ್ತೀರಿ ಅಂತ ಗೊತ್ತು. ಈಗಲೇ ಹೇಳುತ್ತೇನೆ. ನಾನು ಬೆಂಗಳೂರಿನಿಂದ ದಿನಾ ಎರಡು ಗಾಡಿ ಮುಸುರೆ ತರುತ್ತೇನೆ, ಹಲವು ವರ್ಷದಿಂದ. ಒಂದು ದಿನವೂ ಏನೂ ಆಗಿಲ್ಲ. ಕಂಪನಿ ಫೀಡ್ ಕೊಟ್ಟು ಹಂದಿ ಸಾಕಿದರೆ ಉಳಿಯುವುದೇನು ಹೇಳಿ?

ನಿವೃತ್ತ ಪಶುವೈದ್ಯ
ನೀವು ಲಸಿಕೆ ಹಾಕಿಸುತ್ತೀರಾ?

ಹೊಸಕೋಟೆ ಫಾರ್ಮ್
ವರ್ಷಕ್ಕೊಮ್ಮೆ ತಪ್ಪದೆ. ತಾಯಿ, ಗಂಡು, ಮರಿ ಎಲ್ಲಕ್ಕೂ.

ನಿವೃತ್ತ ಪಶುವೈದ್ಯ
ಏನೂ ಆಗದಿರುವುದಕ್ಕೆ ಅದೂ ಒಂದು ಕಾರಣ, ಬರೀ ಅದೃಷ್ಟವಲ್ಲ. ಮುಸುರೆಯಲ್ಲಿ ಅನ್ನ ಸಾರು ಇದ್ದರೆ ಸಮಸ್ಯೆಯಿಲ್ಲ. ಹಂದಿ ಮಾಂಸದ ಚೂರು, ಮೂಳೆ, ಮಾಂಸ ತೊಳೆದ ನೀರು ಸೇರಿದ್ದರೆ ಕಥೆ ಬೇರೆ. ಈ ವೈರಸ್ ಫ್ರಿಜ್‌ನಲ್ಲಿಟ್ಟ ಮಾಂಸದಲ್ಲಿ ವಾರಗಟ್ಟಲೆ, ಹೆಪ್ಪುಗಟ್ಟಿಸಿದ ಮಾಂಸದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮುಸುರೆಗೆ ಇರುವ ಅಂತರರಾಷ್ಟ್ರೀಯ ನಿಯಮ ಎಂದರೆ ಕನಿಷ್ಠ 90 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ, ಕೈಯಾಡಿಸುತ್ತಲೇ ಕುದಿಸಬೇಕು. ನಿಮಗೆ ಲಸಿಕೆ ರಕ್ಷಣೆ ಕೊಡುತ್ತಿದೆ. ನಿಮ್ಮ ಡ್ರಮ್ಮು ಎತ್ತಿಕೊಂಡು ಹೋಗಿ ಲಸಿಕೆ ಇಲ್ಲದ ಪಕ್ಕದವರಿಗೆ ಕೊಟ್ಟರೆ ಅವರಿಗೆ ಆ ರಕ್ಷಣೆ ಇಲ್ಲ. ಇನ್ನು ಆಫ್ರಿಕನ್ ಸ್ವೈನ್ ಫೀವರ್ ಮುಸುರೆಯಲ್ಲಿ ಬಂದರೆ ನಿಮಗೂ ಇಲ್ಲ. 2022ರಲ್ಲಿ ಅದು ವಯನಾಡಿಗೆ ಬಂದಾಗ ಕೊಡಗಿನವರು ಎಷ್ಟು ಹೆದರಿದ್ದರು ಅಂತ ಕುಶಾಲನಗರದವರನ್ನು ಕೇಳಿ.

ಹೊಸಕೋಟೆ ಫಾರ್ಮ್
ದಿನಾ ಎರಡು ಗಾಡಿ ಒಂದು ಗಂಟೆ ಕುದಿಸಲು ಸೌದೆ ನೀವು ಕೊಡುತ್ತೀರಾ ಸರ್? ಹೇಳುವುದು ಸುಲಭ. ಮಾಂಸಾಹಾರಿ ಹೋಟೆಲ್‌ನದ್ದು ಬಿಟ್ಟು ದರ್ಶಿನಿಗಳದ್ದು ಮಾತ್ರ ತರಬಹುದು, ಅದನ್ನು ಒಪ್ಪುತ್ತೇನೆ. ಆದರೆ ಕಲ್ಯಾಣ ಮಂಟಪದ ಡ್ರಮ್ಮಿನಲ್ಲಿ ಏನಿದೆ ಅಂತ ಯಾರು ಕೈ ಹಾಕಿ ನೋಡುತ್ತಾರೆ?

ಆಲೂರು ಹುಡುಗ
ಎಲ್ಲರಿಗೂ ಅಪ್‌ಡೇಟ್ ಕೊಡಬೇಕಿತ್ತು, ತಡವಾಯಿತು. ರಿಪೋರ್ಟ್ ಬಂತು. ಆಫ್ರಿಕನ್ ನೆಗೆಟಿವ್. ಕ್ಲಾಸಿಕಲ್ ಸ್ವೈನ್ ಫೀವರ್ ಪಾಸಿಟಿವ್. ನಮ್ಮ ಹನ್ನೊಂದರಲ್ಲಿ ಎಂಟು ಸತ್ತವು. ಕೊನೆಯ ದಿನಗಳಲ್ಲಿ ನಾಲ್ಕರ ಕಿವಿ, ತೊಡೆ ಸಂದು ನೇರಳೆಯಾಯಿತು, ಉಳಿದ ನಾಲ್ಕಕ್ಕೆ ಆಗಲೇ ಇಲ್ಲ. ಮರಣೋತ್ತರ ಪರೀಕ್ಷೆ ಮಾಡಿದ ಡಾಕ್ಟರು ಮೂತ್ರಪಿಂಡದ ಮೇಲೆ ಸೂಜಿ ಚುಚ್ಚಿದಂಥ ಕೆಂಪು ಚುಕ್ಕಿ, ದೊಡ್ಡ ಕರುಳಿನೊಳಗೆ ಅಂಗಿ ಗುಂಡಿ ಥರದ ಹುಣ್ಣು ತೋರಿಸಿದರು. ತಾಯಿ ಹಂದಿ ಮೂರೂ ದೂರದ ಶೆಡ್‌ನಲ್ಲಿದ್ದವು, ಜ್ವರ ಇರಲಿಲ್ಲ. ಒಂದೊಂದಕ್ಕೂ ಬೇರೆ ಸೂಜಿಯಲ್ಲಿ ಲಸಿಕೆ ಹಾಕಿದರು. ಇಲ್ಲಿಯವರೆಗೆ ಪರವಾಗಿಲ್ಲ.

ಆ ಸಣಕಲು ಮರಿಯ ರಕ್ತದಲ್ಲಿ ವೈರಸ್ ಪಾಸಿಟಿವ್, ಪ್ರತಿಕಾಯ ಮಾತ್ರ ಇಲ್ಲ. ಜ್ವರ ಆಗಲೂ ಇರಲಿಲ್ಲ. ಅದರ ಜೊತೆ ಬಂದ ನಾಲ್ಕು ಇನ್ನೂ ಚೆನ್ನಾಗಿವೆ. ಏಜೆಂಟ್‌ಗೆ ಫೋನ್ ಮಾಡಿ ಎಷ್ಟನೇ ದಿನಕ್ಕೆ ಲಸಿಕೆ ಹಾಕಿದ್ದು ಅಂತ ಕೇಳಿದೆ. ಮೂವತ್ತಕ್ಕೆ ಒಂದೇ ಸಲ ಅಂದರು. ತಾಯಿಗೆ ಹಾಕಿತ್ತಾ ಅಂದರೆ ಗೊತ್ತಿಲ್ಲ ಅಂದರು.

ಹಾಗಾದರೆ ಅದೇ ಮರಿಯಿಂದ ಬಂತು ಅಂತ ತಿಳಿಯಲಾ?

ನಿವೃತ್ತ ಪಶುವೈದ್ಯ
ಬಹುಮಟ್ಟಿಗೆ ಹಾಗೇ ಕಾಣುತ್ತದೆ. ವೈರಸ್ ಇದೆ, ಪ್ರತಿಕಾಯ ಇಲ್ಲ, ಜ್ವರ ಇಲ್ಲ, ಮೊದಲಿನಿಂದ ಸಣಕಲು. ಸೋಂಕು ತಗುಲಿ ಕಾಯಿಲೆ ಬೀಳಲು ಸಾಮಾನ್ಯವಾಗಿ ಮೂರರಿಂದ ಹತ್ತು ದಿನ. ನೀವು ಮರಿ ತಂದ ಎರಡು ವಾರದೊಳಗೆ ನಿಮ್ಮವು ಮಲಗಿದವು. ಲೆಕ್ಕ ಸರಿ ಹೋಗುತ್ತದೆ. ಜೊತೆಯ ನಾಲ್ಕಕ್ಕೆ ಲಸಿಕೆ ಹಿಡಿದಿರಬೇಕು. ಹೊಟ್ಟೆಯಲ್ಲೇ ಸೋಂಕಾದ ಮರಿಗೆ ಲಸಿಕೆ ಹಾಕಿದರೂ ಹಿಡಿಯುವುದಿಲ್ಲ.

ಆದರೂ ಪೂರ್ತಿ ಒಪ್ಪಲು ಒಂದು ತೊಡಕಿದೆ. ನಿಮ್ಮ ಹಂದಿಗಳಿಂದಲೇ ಅದಕ್ಕೆ ಆಗಷ್ಟೇ ತಗುಲಿ, ಪ್ರತಿಕಾಯ ಬರುವ ಮುಂಚೆ ರಕ್ತ ತೆಗೆದಿದ್ದರೂ ರಿಪೋರ್ಟ್ ಹೀಗೇ ಬರುತ್ತಿತ್ತು. ಮೂರು ನಾಲ್ಕು ವಾರ ಬಿಟ್ಟು ಇನ್ನೊಮ್ಮೆ ರಕ್ತ ತೆಗೆದರೆ ಗೊತ್ತಾಗುತ್ತದೆ. ಮರಿ ಇದೆಯಾ?

ಆಲೂರು ಹುಡುಗ
ಇಲ್ಲ ಸರ್. ಡಾಕ್ಟರು ಹೇಳಿದಂತೆ ಅದನ್ನು ಕೊಲ್ಲಿಸಿ ಆಳ ಗುಂಡಿಯಲ್ಲಿ ಸುಣ್ಣ ಹಾಕಿ ಹೂತೆವು. ಇನ್ನೊಂದು ವಿಷಯ ಇಲ್ಲಿ ಹೇಳಿರಲಿಲ್ಲ. ಅದೇ ವಾರ ಮಾಂಸದ ವ್ಯಾಪಾರಿ ಪಿಕಪ್ ತಂದು ಅಂಗಳದಲ್ಲೇ ನಿಲ್ಲಿಸಿ, ಅಂಕಣದೊಳಗೆ ಇಳಿದು ಹಂದಿಗಳ ತೂಕ ಅಂದಾಜು ಮಾಡಿ ಹೋಗಿದ್ದರು. ಬೇರೆ ಕಡೆಯ ಹಂದಿ ಗಾಡಿಯಲ್ಲೇ ಇದ್ದವು.

ನಿವೃತ್ತ ಪಶುವೈದ್ಯ
ಹಾಗಾದರೆ ಮರಿಯಾ, ಪಿಕಪ್ಪಾ ಅಂತ ಇನ್ನು ತೀರ್ಮಾನ ಆಗುವುದಿಲ್ಲ. ಮರಿಯ ಕಡೆ ತೂಕ ಜಾಸ್ತಿ ಅಂತ ಮಾತ್ರ ಹೇಳಬಹುದು.

ಗಾಡಿಯನ್ನು ಹಗುರವಾಗಿ ತಗೊಳ್ಳಬೇಡಿ. 1997ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಈ ರೋಗ ಬಂದದ್ದು ಜರ್ಮನಿಗೆ ಹೋಗಿ ಬಂದ, ಸರಿಯಾಗಿ ತೊಳೆಯದ ಹಂದಿ ಲಾರಿಯಿಂದ ಎಂದು ತನಿಖೆ ಮಾಡಿದವರು ಅಂದಾಜಿಸಿದರು. ಮೊದಲ ಫಾರ್ಮ್‌ನಲ್ಲಿ ರೋಗ ಗುರುತಿಸುವಷ್ಟರಲ್ಲಿ ಸುಮಾರು ಆರು ವಾರ ಕಳೆದಿತ್ತು. ಸಾದಾ ಜ್ವರ ಅಂತ ಅಲ್ಲೂ ಆಂಟಿಬಯೋಟಿಕ್ ಹಾಕಿ ನೋಡುತ್ತಿದ್ದರು. ಆ ಆರು ವಾರದಲ್ಲಿ ಲಾರಿ, ವೀರ್ಯ, ಮರಿ ಮಾರಾಟ ಎಲ್ಲ ಮಾಮೂಲಿನಂತೆ ನಡೆದಿತ್ತು. ಕೊನೆಗೆ 429 ಫಾರ್ಮ್‌ಗೆ ಹರಡಿತು, ಲಕ್ಷಗಟ್ಟಲೆ ಹಂದಿಗಳನ್ನು ಕೊಂದರು. ಅಷ್ಟು ಶಿಸ್ತಿನ ದೇಶದಲ್ಲಿ ಹೀಗಾಯಿತು. ನಮ್ಮ ಸಂತೆ, ಏಜೆಂಟು, ಒಂದೇ ಗಂಡು ಹಂದಿ ಹತ್ತು ಊರು ಸುತ್ತುವುದು ಇವೆಲ್ಲ ನೋಡಿದರೆ ಇನ್ನೇನು ಹೇಳುವುದು.

ಕುಶಾಲನಗರ ಪಂದಿ
ಮೂವತ್ತನೇ ದಿನಕ್ಕೆ ಹಾಕಿದ್ದು ತಪ್ಪಾ ಡಾಕ್ಟ್ರೇ? ನಾವೂ ಹಾಲು ಬಿಡಿಸುವ ಹೊತ್ತಿಗೆ ಹಾಕಿಸಿಬಿಡುತ್ತೇವೆ, ಒಟ್ಟಿಗೆ ಹಿಡಿಯಲು ಸುಲಭ ಅಂತ.

ನಿವೃತ್ತ ಪಶುವೈದ್ಯ
ಅದು ತಾಯಿಯನ್ನು ನೋಡಿ ಹೇಳಬೇಕು. ಲಸಿಕೆ ಆದ ತಾಯಿಯ ಗಿಣ್ಣುಹಾಲಿನಲ್ಲಿ ಪ್ರತಿಕಾಯ ಇರುತ್ತದೆ. ಮರಿಯನ್ನು ಮೊದಲ ವಾರಗಳಲ್ಲಿ ಕಾಯುವುದು ಅದೇ. ಆದರೆ ನೀವು ಆಗ ಲಸಿಕೆ ಹಾಕಿದರೆ ಅದೇ ಪ್ರತಿಕಾಯ ಲಸಿಕೆಯ ವೈರಸ್ಸನ್ನೂ ಹೊಡೆದುಹಾಕುತ್ತದೆ. ಕಾಗದದಲ್ಲಿ ಲಸಿಕೆ ಆಗಿರುತ್ತದೆ, ಮೈಯಲ್ಲಿ ಆಗಿರುವುದಿಲ್ಲ. ತಾಯಿಯ ರಕ್ಷಣೆ ಎರಡು ತಿಂಗಳ ಹೊತ್ತಿಗೆ ಇಳಿಯುತ್ತದೆ. ಅದಕ್ಕೇ ಲಸಿಕೆ ಆದ ತಾಯಿಯ ಮರಿಗೆ ಎರಡು ತಿಂಗಳಾದ ಮೇಲೆ ಹಾಕಿ ಅನ್ನುವುದು. ತಾಯಿಗೆ ಹಾಕಿಲ್ಲದಿದ್ದರೆ ಮರಿಗೆ ಮೊದಲ ದಿನದಿಂದಲೇ ರಕ್ಷಣೆಯಿಲ್ಲ, ಬೇಗ ಹಾಕುವುದೇ ಒಳ್ಳೆಯದು. ತಾಯಿಗೆ ಗಬ್ಬ ಕಟ್ಟಿಸುವ ಮುಂಚೆ ಹಾಕಿ. ಹಾಗೆ ಮಾಡಿದರೆ ಸಣಕಲು ಮರಿಗಳ ಕಥೆಯೇ ಶುರುವಾಗುವುದಿಲ್ಲ.

ಕಾರ್ಕಳ ಅಕ್ಕ
ನಮ್ಮ ಕಡೆ ಡಾಕ್ಟರು ನಲವತ್ತೈದು ದಿನಕ್ಕೆ ಅನ್ನುತ್ತಾರೆ. ಯಾರ ಮಾತು ಕೇಳಬೇಕು?

ನಿವೃತ್ತ ಪಶುವೈದ್ಯ
ಅಕ್ಕ, ಇದರಲ್ಲಿ ನಮ್ಮೊಳಗೇ ಒಮ್ಮತವಿಲ್ಲ. ಸುತ್ತಮುತ್ತ ರೋಗ ಓಡಾಡುತ್ತಿದ್ದರೆ ಎರಡು ತಿಂಗಳು ಕಾಯುವುದು ಅಪಾಯ, ಬೇಗ ಹಾಕಿ ಒಂದು ತಿಂಗಳಿಗೆ ಮತ್ತೆ ಹಾಕಿ ಅನ್ನುವವರಿದ್ದಾರೆ. ನನಗೂ ಎರಡು ಡೋಸ್ ಮೇಲೆಯೇ ನಂಬಿಕೆ. ಮೊದಲನೆಯದು ಹಿಡಿಯದೆ ಹೋದರೂ ಎರಡನೆಯದು ಹಿಡಿಯುತ್ತದೆ. ಆದರೆ ಲಸಿಕೆ ಸಿಗುವುದೇ ಕಷ್ಟ ಇರುವಲ್ಲಿ ಎರಡು ಡೋಸ್ ಎಲ್ಲಿಂದ ತರುವುದು ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ಆ ಪ್ರಶ್ನೆಯೂ ನ್ಯಾಯವೇ. ಮುಂಚೆ ಈ ಲಸಿಕೆಯನ್ನು ಮೊಲದ ಗುಲ್ಮದಿಂದ ತಯಾರಿಸುತ್ತಿದ್ದರು, ಒಂದು ಮೊಲಕ್ಕೆ ಐವತ್ತು ಡೋಸ್ ಸಿಕ್ಕರೆ ಹೆಚ್ಚು. 2020ರಲ್ಲಿ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆ ನಮ್ಮದೇ ದೇಶದ ತಳಿಯಿಂದ ಜೀವಕೋಶದಲ್ಲಿ ಬೆಳೆಸುವ ಲಸಿಕೆ ಹೊರತಂದ ಮೇಲೆ ಆ ಅಡಚಣೆ ಕಡಿಮೆ ಆಗುತ್ತಿದೆ.

ಹಾಕಿಸುವ ದಿನ ನೀವೇ ನೋಡಿಕೊಳ್ಳಬೇಕಾದದ್ದು ಐಸ್. ಬಾಟಲಿ ಅಂಗಿ ಜೇಬಿನಲ್ಲಿ ಬಂದರೆ ಹಾಕಿಸಬೇಡಿ. ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಯಬೇಕು. ಸಿರಿಂಜನ್ನು ಸ್ಪಿರಿಟ್‌ನಲ್ಲಿ ತೊಳೆಯಬಾರದು. ಲಸಿಕೆಯೊಳಗಿನ ವೈರಸ್ ಬದುಕಿದ್ದರೆ ತಾನೇ ಕೆಲಸ ಮಾಡುವುದು?

ಆಲೂರು ಹುಡುಗ
ಸರ್, ಖಾಲಿ ಅಂಕಣಕ್ಕೆ ಯಾವಾಗ ಮತ್ತೆ ಮರಿ ಬಿಡಬಹುದು? ಬ್ಲೀಚಿಂಗ್ ಪೌಡರ್ ಎರಚಿದ್ದೇನೆ.

ನಿವೃತ್ತ ಪಶುವೈದ್ಯ
ಸಗಣಿ ಮೇಲೆ ಎರಚಿದರೆ ಪೌಡರ್ ಸಗಣಿಗೇ ಮುಗಿದುಹೋಗುತ್ತದೆ. ಮೊದಲು ಸಗಣಿ ಪೂರ್ತಿ ಕೆರೆದು ತೆಗೆಯಿರಿ, ಸೋಪಿನ ನೀರಲ್ಲಿ ಉಜ್ಜಿ ತೊಳೆಯಿರಿ, ಒಣಗಿಸಿ. ಆಮೇಲೆ ಒಂದು ಲೀಟರಿಗೆ ಇಪ್ಪತ್ತು ಗ್ರಾಂ ಲೆಕ್ಕದಲ್ಲಿ ಕಾಸ್ಟಿಕ್ ಸೋಡಾ ಕದಡಿ ಹಾಕಿ. ಕೈಗವಸು, ಕನ್ನಡಕ ಬೇಕೇ ಬೇಕು. ಕಾಸ್ಟಿಕ್ಕನ್ನು ನೀರಿಗೆ ಹಾಕಿ, ನೀರನ್ನು ಕಾಸ್ಟಿಕ್ಕಿಗೆ ಹಾಕಬೇಡಿ. ಒಂದು ತಿಂಗಳಾದರೂ ಖಾಲಿ ಬಿಡಿ. ಆಮೇಲೂ ಮೊದಲು ಎರಡು ಮರಿ ಮಾತ್ರ ಬಿಟ್ಟು ನೋಡಿ, ವಾರಕ್ಕೆರಡು ಸಲ ಥರ್ಮಾಮೀಟರ್ ಹಾಕುತ್ತಾ. ಹೊಸ ಮರಿ ತಂದರೆ ಬೇರೆ ಶೆಡ್‌ನಲ್ಲಿ ಒಂದು ತಿಂಗಳು. ಮೇವು ಹಾಕುವವರ ಬೂಟೂ ಬೇರೆ.

ಉಳಿದ ಮೂರು ಮರಿ ಮತ್ತು ತಂದ ನಾಲ್ಕನ್ನು ಮಾರಬೇಡಿ. ಇನ್ನೊಮ್ಮೆ ರಕ್ತ ಕೊಡಿ.

ಹೊಸಕೋಟೆ ಫಾರ್ಮ್
ಏಜೆಂಟ್‌ನಿಂದ ಲಸಿಕೆ ಚೀಟಿ ಕೇಳಬಹುದು, ಸರಿ. ನಾನು ಮುಂದಿನ ವಾರ ಇಪ್ಪತ್ತು ಮರಿ ತರಬೇಕಿದೆ. ಒಂದೊಂದರ ರಕ್ತ ಪರೀಕ್ಷೆ ಮಾಡಿಸಿ ತರಲು ಆಗುತ್ತದಾ? ಸಣಕಲು ಮರಿ ಬಿಟ್ಟು ಉಳಿದದ್ದು ತಂದರೆ ಸಾಕಾ?

ನಿವೃತ್ತ ಪಶುವೈದ್ಯ
ಸಾಕಾಗುವುದಿಲ್ಲ. ಸೋಂಕಿನ ಮರಿ ಮೊದಲ ತಿಂಗಳುಗಳಲ್ಲಿ ದುಂಡಗೂ ಇರಬಹುದು. ಆ ತಾಯಿಯ ಹಿಂದಿನ ಸೂಲಿನಲ್ಲಿ ಎಷ್ಟು ಮರಿ ಸತ್ತು ಹುಟ್ಟಿದವು, ನಡುಗುವ ಮರಿ ಇತ್ತಾ ಅಂತ ಕೇಳಿ. ಹಾಗಾಗಿ ಏಜೆಂಟ್ ಬೇಡ, ತಾಯಿ ಇರುವ ಫಾರ್ಮ್‌ಗೇ ಹೋಗಿ. ಒಳಗೆ ಇಳಿಯಬೇಡಿ, ಗೇಟಿನಾಚೆ ನಿಂತೇ ಕೇಳಿ.

ಹೊಸಕೋಟೆ ಫಾರ್ಮ್
ಫಾರ್ಮ್‌ನವರು ನಿಜ ಹೇಳುತ್ತಾರಾ ಅನ್ನುವುದು ಬೇರೆ ಮಾತು. ಮುಸುರೆ ವಿಷಯ ನಾನಿನ್ನೂ ಒಪ್ಪಿಲ್ಲ ಸರ್, ಅದನ್ನು ಬೇರೆ ಚರ್ಚೆ ತೆರೆದು ಮಾತಾಡೋಣ. ಯಾರಾದರೂ ಬಯೋಗ್ಯಾಸ್‌ನಲ್ಲಿ ಕುದಿಸುವವರಿದ್ದರೆ ಖರ್ಚಿನ ಲೆಕ್ಕ ಹಾಕಿ.